ಮಾರ್ಚ್ 31ರ ರಾತ್ರಿ ಆ ಪುಸ್ತಕಗಳು ಯಾರವು?

ಧಾರವಾಡದಲ್ಲಿ ಒಬ್ಬ ಸಣ್ಣ ಪ್ರಕಾಶಕರಿದ್ದಾರೆ ಎಂದುಕೊಳ್ಳೋಣ. ಫೆಬ್ರುವರಿ 10ರಂದು ಅವರು ಮೈಸೂರಿನ ಒಂದು ಪುಸ್ತಕದಂಗಡಿಗೆ ಹೊಸ ಕಾದಂಬರಿಯ 300 ಪ್ರತಿಗಳನ್ನು ಬಂಡಲ್ ಕಟ್ಟಿ ಕಳಿಸುತ್ತಾರೆ. ಅಂಗಡಿಯವರು ಹಣ ಕೊಟ್ಟಿಲ್ಲ, ಕೊಳ್ಳುತ್ತೇನೆ ಎಂದೂ ಹೇಳಿಲ್ಲ. ಫೋನಿನಲ್ಲಿ ಆದ ಮಾತು ಇಷ್ಟೇ: "ಸರ್, ಕಳಿಸಿ. ಅರವತ್ತು ದಿನ ಇಟ್ಟು ನೋಡ್ತೀನಿ. ಮಾರಿದ್ದಕ್ಕೆ ದುಡ್ಡು, ಉಳಿದದ್ದು ವಾಪಸ್." ಕನ್ನಡ ಪುಸ್ತಕ ವ್ಯಾಪಾರದಲ್ಲಿ ಇಂಥ ಮಾತು ಹೊಸದಲ್ಲ. ಹೊಸ ಲೇಖಕರ ಪುಸ್ತಕವನ್ನು ಕೈಯಿಂದ ದುಡ್ಡು ಹಾಕಿ ತರಿಸಿಕೊಳ್ಳುವ ಧೈರ್ಯ ಅಂಗಡಿಯವರಿಗೆ ಇರುವುದಿಲ್ಲ, ಕಪಾಟಿಗೆ ಏರದಿದ್ದರೆ ಆ ಪುಸ್ತಕ ಓದುಗರ ಕಣ್ಣಿಗೆ ಬೀಳುವುದೂ ಇಲ್ಲ. ಇಬ್ಬರ ಕಷ್ಟಕ್ಕೂ ಸಿಕ್ಕ ದಾರಿ ಇದು.

ವ್ಯವಹಾರ ಸರಳ. ತೊಡಕು ಶುರುವಾಗುವುದು ಮಾರ್ಚ್ 31ರಂದು. ಅಂದು ವರ್ಷದ ಲೆಕ್ಕ ಮುಗಿಯಬೇಕು, ಅರವತ್ತು ದಿನವಾದರೋ ಏಪ್ರಿಲ್ 11ರವರೆಗೆ ಇದೆ. ಅಂಗಡಿಯಲ್ಲಿ ಇನ್ನೂ ಮಾರಾಟವಾಗದೆ ಕೂತಿರುವ ಪ್ರತಿಗಳು ಆ ರಾತ್ರಿ ಯಾರವು? ಪ್ರಕಾಶಕರ ಲೆಕ್ಕದಲ್ಲಿ ಅವು ಮಾರಾಟವಾದ ಸರಕೋ, ಉಳಿದ ದಾಸ್ತಾನೋ?

ಇದಕ್ಕೆ ಉತ್ತರ ಕೊಡುವುದು ಲೆಕ್ಕಶಾಸ್ತ್ರಕ್ಕಿಂತ ಮೊದಲು ಕಾನೂನು. 1930ರ ಸರಕು ಮಾರಾಟ ಕಾಯ್ದೆಯ 24ನೇ ಕಲಮು ಇಂಥ ವ್ಯವಹಾರಕ್ಕೆಂದೇ ಬರೆದದ್ದು. ನೋಡಿ ಒಪ್ಪಿದರೆ ಇಟ್ಟುಕೊಳ್ಳುವ, ಇಲ್ಲವಾದರೆ ಹಿಂತಿರುಗಿಸುವ ಷರತ್ತಿನ ಮೇಲೆ ಸರಕು ಕೊಟ್ಟಾಗ, ಸರಕು ಕೈಬದಲಾದರೂ ಒಡೆತನ ಬದಲಾಗುವುದಿಲ್ಲ. ಒಡೆತನ ದಾಟುವುದು ಮೂರು ಸಂದರ್ಭಗಳಲ್ಲಿ. ಪಡೆದವರು "ಒಪ್ಪಿದೆ" ಎಂದು ತಿಳಿಸಿದಾಗ ಒಂದು. ಬಾಯಿಬಿಟ್ಟು ಹೇಳದಿದ್ದರೂ, ಸರಕು ತಮ್ಮದೇ ಎಂಬಂತೆ ಏನಾದರೂ ಮಾಡಿದಾಗ ಇನ್ನೊಂದು. ಏನೂ ಹೇಳದೆ, ಏನೂ ಮಾಡದೆ, ಸರಕನ್ನು ಇಟ್ಟುಕೊಂಡು ಗಡುವು ಮೀರಿಸಿದಾಗ ಮೂರನೆಯದು. ಗಡುವನ್ನೇ ಹೇಳಿರದಿದ್ದರೆ ಆ ವ್ಯಾಪಾರಕ್ಕೆ ಸಮಂಜಸವೆನಿಸುವಷ್ಟು ಕಾಲ ಕಳೆದಾಗ.

ಎರಡನೆಯದನ್ನು ಅರ್ಥ ಮಾಡಿಸಲು ವಕೀಲರು ಇಂದಿಗೂ ಇಂಗ್ಲೆಂಡಿನ 1897ರ ಒಂದು ಮೊಕದ್ದಮೆಯ ಕಥೆ ಹೇಳುತ್ತಾರೆ. ಕರ್ಕಮ್ ಎಂಬ ಒಡವೆ ತಯಾರಕ ಇದೇ ಷರತ್ತಿನ ಮೇಲೆ ಒಬ್ಬನಿಗೆ ಒಡವೆ ಕೊಟ್ಟ. ಆತ ಅದನ್ನು ಅಟೆನ್‌ಬರೋ ಎಂಬ ಗಿರವಿಯವನಲ್ಲಿ ಒತ್ತೆಯಿಟ್ಟ. ಒಡವೆ ನನ್ನದು, ನನಗೆ ಕೊಡಿ ಎಂದು ಕರ್ಕಮ್ ನ್ಯಾಯಾಲಯಕ್ಕೆ ಹೋದರೆ ಅದು ಒಪ್ಪಲಿಲ್ಲ. ತನ್ನದಲ್ಲದ ವಸ್ತುವನ್ನು ಯಾರೂ ಒತ್ತೆಯಿಡುವುದಿಲ್ಲ, ಒತ್ತೆಯಿಟ್ಟ ಗಳಿಗೆಯಲ್ಲೇ ಆತ ಅದನ್ನು ಕೊಂಡಂತಾಯಿತು, ಆದ್ದರಿಂದ ಕರ್ಕಮ್ ಕೇಳಬೇಕಾದದ್ದು ಬೆಲೆಯನ್ನು, ಕೇಳಬೇಕಾದದ್ದು ಕೊಂಡವನನ್ನು ಎಂದಿತು. ನಮ್ಮ 1930ರ ಕಾಯ್ದೆ ರೂಪುಗೊಂಡದ್ದು ಇಂಗ್ಲೆಂಡಿನ 1893ರ ಕಾಯ್ದೆಯ ಮಾದರಿಯಲ್ಲಿ. ಹಾಗಾಗಿ ಈ ತರ್ಕ ನಮ್ಮ ಪುಸ್ತಕದಂಗಡಿಗೂ ಸಲ್ಲುತ್ತದೆ. ಮೈಸೂರಿನ ಅಂಗಡಿಯವರು ಒಂದು ಪ್ರತಿಯನ್ನು ಓದುಗರಿಗೆ ಮಾರಿದರೆಂದರೆ, ಆ ಕ್ಷಣದಲ್ಲೇ ಅದನ್ನು ತಾವು ಧಾರವಾಡದವರಿಂದ ಕೊಂಡಂತೆ.

ಮಾರದೆ ಉಳಿದ ಪ್ರತಿ ಮಾತ್ರ, ಮೈಸೂರಿನ ಕಪಾಟಿನಲ್ಲಿದ್ದರೂ, ಧಾರವಾಡದವರದೇ. ಮಳೆಗೆ ಸೂರು ಸೋರಿ ಅವು ತೊಯ್ದರೆ ನಷ್ಟವೂ, ಬೇರೆ ಮಾತಾಗಿರದಿದ್ದರೆ ಮತ್ತು ಅಂಗಡಿಯವರ ಅಜಾಗ್ರತೆ ಕಾರಣವಲ್ಲದಿದ್ದರೆ, ಧಾರವಾಡದವರದೇ. ಸಾಮಾನ್ಯವಾಗಿ ಒಡೆತನ ಎಲ್ಲಿದೆಯೋ ಅಪಾಯವೂ ಅಲ್ಲೇ ಇರುತ್ತದೆ ಎನ್ನುತ್ತದೆ ಅದೇ ಕಾಯ್ದೆಯ 26ನೇ ಕಲಮು.

ಈಗ ನಮ್ಮ ಪ್ರಕಾಶಕರ ಲೆಕ್ಕದ ಪುಸ್ತಕ ತೆರೆಯೋಣ. ಪ್ರತಿಯೊಂದರ ಮುಖಬೆಲೆ 200 ರೂಪಾಯಿ. ಅಂಗಡಿಗೆ ಶೇಕಡಾ 40 ರಿಯಾಯಿತಿ, ಅಂದರೆ ಅಂಗಡಿಯವರು ಕೊಡಬೇಕಾದದ್ದು 120 ರೂಪಾಯಿ. ಕಾಗದ, ಮುದ್ರಣ, ಬೈಂಡಿಂಗ್ ಸೇರಿ ಪ್ರಕಾಶಕರಿಗೆ ಬಿದ್ದ ಅಸಲು 80 ರೂಪಾಯಿ. ಮಾರಾಟವಾದ ಪ್ರತಿಯೊಂದಕ್ಕೂ ಲಾಭ 40 ರೂಪಾಯಿ. (ಲೇಖಕರ ಗೌರವಧನ, ಸಾಗಣೆಯನ್ನೆಲ್ಲ ಸದ್ಯ ಪಕ್ಕಕ್ಕಿಡೋಣ.)

ಇಂಥ ವ್ಯವಹಾರ ಅಪರೂಪಕ್ಕೊಮ್ಮೆ ಮಾಡುವವರು ಸಾಮಾನ್ಯವಾಗಿ ಬಂಡಲ್ ಹೊರಟ ದಿನವೇ ಬಿಲ್ ಮಾಡಿಬಿಡುತ್ತಾರೆ. ನಮ್ಮ ಪ್ರಕಾಶಕರೂ ಹಾಗೇ ಮಾಡಿದ್ದಾರೆ. ಫೆಬ್ರುವರಿ 10ಕ್ಕೆ 300 ಪ್ರತಿ, 36,000 ರೂಪಾಯಿ ಮಾರಾಟ, ಅಂಗಡಿಯವರು ಅಷ್ಟಕ್ಕೂ ಬಾಕಿದಾರರು. ವರ್ಷದ ಮಧ್ಯದಲ್ಲಿ ಇದರಿಂದ ಕೆಡುಕೇನಿಲ್ಲ. ಅಂಗಡಿಯವರು ಒಪ್ಪಿದರೆ ಹೊಸದಾಗಿ ಏನೂ ಬರೆಯಬೇಕಿಲ್ಲ, ವಾಪಸ್ ಕಳಿಸಿದರೆ ಅಷ್ಟನ್ನು ಮಾರಾಟದ ವಾಪಸಾತಿ ಎಂದು ಬರೆದರಾಯಿತು. ಮಾರ್ಚ್ 20ಕ್ಕೆ 40 ಪ್ರತಿ ಹಿಂದೆ ಬಂದವು, 4,800 ರೂಪಾಯಿ ಕಳೆದರು, ಪ್ರತಿಗಳು ಗೋದಾಮು ಸೇರಿದವು. ಲೆಕ್ಕದಲ್ಲಿ ಈಗ ಉಳಿದದ್ದು 260 ಪ್ರತಿಯ ಮಾರಾಟ, 31,200 ರೂಪಾಯಿ.

ವರ್ಷಾಂತ್ಯಕ್ಕೆ ಈ 260ರಲ್ಲಿ ನಿಜಕ್ಕೂ ಮಾರಾಟವಾದವು ಎಷ್ಟು? ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ, ಕೂಡಿ ಕಳೆಯುವುದಕ್ಕೂ ಮುಂಚೆ. ಪ್ರಕಾಶಕರ ಬಳಿ ಇರುವುದು ಮಾರ್ಚ್ 24ರಂದು ಬಂದ ಒಂದು ವಾಟ್ಸ್ಆ್ಯಪ್ ಸಂದೇಶ: "90 ಹೋಗಿದೆ ಸರ್." ಅದನ್ನೇ ನಂಬಿ 90 ಎಂದು ಬರೆದರೆ ತಪ್ಪಾಗುತ್ತದೆ. 24ರಿಂದ 31ರವರೆಗಿನ ಮಾರಾಟ ಅದರಲ್ಲಿಲ್ಲ. ಅಂಗಡಿಯವರು ಅದನ್ನು ಏಪ್ರಿಲ್ ಐದಕ್ಕೋ ಹತ್ತಕ್ಕೋ ತಿಳಿಸಿದರೂ ಓದುಗರ ಕೈಗೆ ಪುಸ್ತಕ ಹೋದದ್ದು ಮಾರ್ಚ್‌ನಲ್ಲಿ, ಒಡೆತನ ದಾಟಿದ್ದೂ ಮಾರ್ಚ್‌ನಲ್ಲಿ. ಅದು ಈ ವರ್ಷದ ಮಾರಾಟವೇ. ಅದೇ ಏಪ್ರಿಲ್ 3ರಂದು ಮಾರಿದ ಪ್ರತಿಯ ಸುದ್ದಿ ಏಪ್ರಿಲ್ ಐದಕ್ಕೆ ಬಂದರೆ ಅದು ಮುಂದಿನ ವರ್ಷದ್ದು. ಲೆಕ್ಕಕ್ಕೆ ಬೇಕಾದದ್ದು ಸುದ್ದಿ ಬಂದ ದಿನವಲ್ಲ, ಮಾರಿದ ದಿನ.

ಆದ್ದರಿಂದ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ "ಎಷ್ಟು ಹೋಯಿತು?" ಎಂಬುದಲ್ಲ. "ಮಾರ್ಚ್ 31ರಂದು ಬಾಗಿಲು ಹಾಕುವಾಗ ನಿಮ್ಮ ಅಂಗಡಿಯಲ್ಲಿ ನಮ್ಮ ಪ್ರತಿ ಎಷ್ಟಿದ್ದವು? ಎಣಿಸಿ, ಸಹಿ ಹಾಕಿ ಕಳಿಸಿ" ಎಂದು ಕೇಳಬೇಕು. ಎಣಿಸಲು ಕೈಗೆ ಸಿಗುವುದು ಇರುವ ಪುಸ್ತಕಗಳೇ ಹೊರತು ಹೋದವಲ್ಲ. ನಮ್ಮ ಪ್ರಕಾಶಕರಿಗೆ ಬಂದ ಉತ್ತರ: 125. ಹಾಗಾದರೆ 260ರಲ್ಲಿ 125 ಕಳೆದು 135 ಮಾರಾಟವಾಯಿತೇ? ಅಲ್ಲ. ಪತ್ರದ ಕೆಳಗೆ ಇನ್ನೊಂದು ಸಾಲಿತ್ತು: "30ನೇ ತಾರೀಖು 25 ಪ್ರತಿ ಬಸ್ಸಿಗೆ ಹಾಕಿದ್ದೇವೆ." ಆ ಪಾರ್ಸೆಲ್ ಧಾರವಾಡ ತಲುಪಿದ್ದು ಏಪ್ರಿಲ್ 2ಕ್ಕೆ. ಮಾರ್ಚ್ 31ರ ರಾತ್ರಿ ಆ 25 ಪ್ರತಿಗಳು ಅಂಗಡಿಯಲ್ಲೂ ಇರಲಿಲ್ಲ, ಗೋದಾಮಿನಲ್ಲೂ ಇರಲಿಲ್ಲ. ಎರಡು ಕಡೆಯೂ ಪ್ರಾಮಾಣಿಕವಾಗಿ ಎಣಿಸಿದರೂ ಅವು ಎಣಿಕೆಗೆ ಸಿಗುವುದಿಲ್ಲ, ಸಿಗದ್ದು ಸದ್ದಿಲ್ಲದೆ "ಮಾರಾಟ"ದ ಸಾಲಿಗೆ ಸೇರಿಬಿಡುತ್ತದೆ. ವಾಪಸ್ ಕಳಿಸಿದ್ದೆಂದರೆ ಬೇಡವೆಂದು ತಿಳಿಸಿದ್ದೇ. ಅವು ಪ್ರಕಾಶಕರದೇ ಸರಕು, ದಾರಿಯಲ್ಲಿದೆ ಅಷ್ಟೇ.

ಹೀಗೆ ಕೊನೆಗೆ ನಿಂತ ಸಂಖ್ಯೆ: ಮಾರಾಟವಾದದ್ದು 110, ಮಾರಾಟವಾಗದ್ದು 150. ಆ 150ರಲ್ಲಿ ಕಪಾಟಿನಲ್ಲಿ 125, ಬಸ್ಸಿನಲ್ಲಿ 25.

ಸಂಖ್ಯೆ ಸಿಕ್ಕಮೇಲೆ ಬರೆಯಬೇಕಾದ ನಮೂದು ಎರಡು, ಎರಡೂ ಜೋಡಿಯಾಗಿಯೇ ಬರಬೇಕು. ಮೊದಲನೆಯದು, ಆಗದ ಮಾರಾಟವನ್ನು ಅಳಿಸುವುದು. 150 ಪ್ರತಿಗೆ 120ರಂತೆ 18,000 ರೂಪಾಯಿಯನ್ನು ಮಾರಾಟ ಖಾತೆಗೆ ಡೆಬಿಟ್ ಮಾಡಿ ಅಂಗಡಿಯವರ ಖಾತೆಗೆ ಕ್ರೆಡಿಟ್ ಮಾಡಬೇಕು. ಬಿಲ್ಲಿನಲ್ಲಿ 120 ಎಂದು ಬರೆದಿದ್ದರಿಂದ ಅಳಿಸುವುದೂ 120ಕ್ಕೇ. ಎರಡನೆಯದು, ಸರಕನ್ನು ಮತ್ತೆ ನಮ್ಮದೆಂದು ಬರೆದುಕೊಳ್ಳುವುದು. "ಗಿರಾಕಿಗಳ ಬಳಿ ಇರುವ ದಾಸ್ತಾನು" ಎಂಬ ಖಾತೆಗೆ ಡೆಬಿಟ್, ವ್ಯಾಪಾರ ಖಾತೆಗೆ ಕ್ರೆಡಿಟ್. ಇಲ್ಲಿ ದರ 120 ಅಲ್ಲ, ಅಸಲು 80. ಮೊತ್ತ 12,000 ರೂಪಾಯಿ. ಆಸ್ತಿ-ಹೊಣೆ ಪಟ್ಟಿಯಲ್ಲಿ ಇದು ಗೋದಾಮಿನ ದಾಸ್ತಾನಿನ ಪಕ್ಕದಲ್ಲಿ ಕೂರುತ್ತದೆ. ಅಂಗಡಿಯವರ ಬಾಕಿ 31,200ರಿಂದ 13,200ಕ್ಕೆ ಇಳಿಯುತ್ತದೆ. ಅದು ಸರಿಯಾಗಿ 110 ಪ್ರತಿಯ ಬೆಲೆ. ಲಾಭ 110 ಪ್ರತಿಗೆ 40ರಂತೆ 4,400 ರೂಪಾಯಿ.

ಒಂದೇ ಸರಕಿಗೆ ಎರಡು ದರ ಏಕೆ ಎಂದು ವಾಣಿಜ್ಯ ಓದುವ ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. 120 ಎಂಬುದು ಇನ್ನೊಬ್ಬರಿಂದ ಬರಬೇಕಾದ ಬೆಲೆ, ಅದರೊಳಗೆ 40 ರೂಪಾಯಿ ಲಾಭ ಅಡಗಿದೆ. ಮಾರಾಟವೇ ಆಗದ ಮೇಲೆ ಆ 40 ಇನ್ನೂ ಹುಟ್ಟಿಲ್ಲ. ನಮ್ಮ ಕೈಯಿಂದ ನಿಜಕ್ಕೂ ಹೋದದ್ದು 80 ಮಾತ್ರ, ಆದ್ದರಿಂದ ಹಿಂದೆ ಬರೆದುಕೊಳ್ಳುವುದೂ 80.

ಈ ಎರಡು ನಮೂದುಗಳಲ್ಲಿ ಎಡವಿದರೆ ಏನಾಗುತ್ತದೆಂದು ಅದೇ ಅಂಕಿಗಳಿಂದ ನೋಡಬಹುದು. ಏನನ್ನೂ ಬರೆಯದೆ ಬಿಟ್ಟರೆ 260 ಪ್ರತಿಯೂ ಮಾರಾಟವಾದಂತೆ, ಲಾಭ 10,400. ಮಾರಾಟ ಅಳಿಸುವುದನ್ನು ಮರೆತು ದಾಸ್ತಾನನ್ನು ಮಾತ್ರ ಸೇರಿಸಿದರೆ ಲಾಭ 22,400ಕ್ಕೆ ಏರುತ್ತದೆ, ಏಕೆಂದರೆ ಅದೇ 150 ಪ್ರತಿಗಳು ಮಾರಾಟದಲ್ಲೂ ಇವೆ, ದಾಸ್ತಾನಿನಲ್ಲೂ ಇವೆ. ಮಾರಾಟ ಅಳಿಸಿ ದಾಸ್ತಾನು ಸೇರಿಸದಿದ್ದರೆ 7,600 ರೂಪಾಯಿ ನಷ್ಟ ತೋರುತ್ತದೆ. ಈ ಎರಡು ತಪ್ಪುಗಳು ಅಂಕಿಯ ಅತಿರೇಕದಿಂದಲೇ ಕಣ್ಣಿಗೆ ಹೊಡೆಯುತ್ತವೆ, ಯಾರಾದರೂ ಹಿಡಿಯುತ್ತಾರೆ. ಹಿಡಿಯಲು ಕಷ್ಟವಾದದ್ದು ನಾಲ್ಕನೆಯದು. ಎರಡೂ ನಮೂದು ಬರೆದಿದ್ದಾರೆ, ಆದರೆ ದಾಸ್ತಾನಿಗೂ 120 ಹಾಕಿ 18,000 ಎಂದಿದ್ದಾರೆ. ಆಗ ಬರುವ ಲಾಭ ಎಷ್ಟು ಗೊತ್ತೇ? ಮತ್ತೆ 10,400. ಏನೂ ಮಾಡದೆ ಬಿಟ್ಟಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟೇ. ಮಾರಾಟದಿಂದ ತೆಗೆದದ್ದನ್ನು ದಾಸ್ತಾನಿನ ದಾರಿಯಿಂದ ಪೂರ್ತಿ ಒಳಗೆ ಬಿಟ್ಟುಕೊಂಡಂತೆ. ಪುಟದಲ್ಲಿ ನಮೂದುಗಳೆರಡೂ ಇರುವುದರಿಂದ ನೋಡಿದವರು ಸರಿಯಿದೆ ಎಂದುಕೊಳ್ಳುತ್ತಾರೆ. ಪತ್ತೆಹಚ್ಚುವ ಉಪಾಯ ಒಂದಿದೆ: ಎರಡು ನಮೂದುಗಳ ಮೊತ್ತ ಒಂದೇ ಆಗಿದ್ದರೆ ಅನುಮಾನಿಸಿ. ಲಾಭವಿಟ್ಟು ಮಾರುವ ಸರಕಿನಲ್ಲಿ ಅವೆರಡರ ನಡುವೆ ಅಂತರ ಇರಲೇಬೇಕು.

ಕೈಗೆ ಬಾರದ 6,000 ರೂಪಾಯಿ ಲಾಭ ತೋರಿಸಿದರೆ ಅದಕ್ಕೆ ಆದಾಯ ತೆರಿಗೆ ಕಟ್ಟಬೇಕಾಗುತ್ತದೆ. ಪುಸ್ತಕದ ವಿಷಯದಲ್ಲಿ ಇನ್ನೊಬ್ಬರ ಪಾಲೂ ಇದೆ. ಲೇಖಕರ ಗೌರವಧನವನ್ನು ಮಾರಾಟವಾದ ಪ್ರತಿಗಳ ಮೇಲೆ ಲೆಕ್ಕ ಹಾಕುವ ಒಪ್ಪಂದವಿದ್ದರೆ, 110ಕ್ಕೆ ಕೊಡಬೇಕೋ 260ಕ್ಕೆ ಕೊಡಬೇಕೋ ಎಂಬುದು ಇದೇ ಎಣಿಕೆಯ ಮೇಲೆ ನಿಂತಿದೆ. ತಮ್ಮ ಪುಸ್ತಕ ಎಷ್ಟು ಹೋಯಿತೆಂದು ಕೇಳುವ ಲೇಖಕರಿಗೆ ಪ್ರಕಾಶಕರು ಕೊಡುವ ಸಂಖ್ಯೆ ಕಳಿಸಿದ ಬಂಡಲ್ಲಿನದಾಗಿರಬಾರದು.

ಅಸಲು ದರ ಹಾಕುವುದಕ್ಕೂ ಒಂದು ಮಿತಿಯಿದೆ. ದಾಸ್ತಾನಿನ ಕುರಿತ ಭಾರತೀಯ ಲೆಕ್ಕ ಮಾನದಂಡ 2 ಹೇಳುವುದು ಅಸಲು ಅಥವಾ ಮಾರಿದರೆ ಖರ್ಚು ಕಳೆದು ಕೈಗೆ ಬರಬಹುದಾದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ತೆಗೆದುಕೊಳ್ಳಿ ಎಂದು. ಒಳ್ಳೆಯ ಕಾದಂಬರಿ ಮುಂದಿನ ವರ್ಷವೂ 120ಕ್ಕೆ ಹೋಗುತ್ತದೆ, ಆದ್ದರಿಂದ 80 ಸರಿ. ಅದೇ ಆ ಬಂಡಲ್ಲಿನಲ್ಲಿದ್ದದ್ದು ಪಠ್ಯ ಬದಲಾದ ತರಗತಿಯ ಗೈಡ್ ಆಗಿದ್ದರೆ? ಜನವರಿ ದಾಟಿದ ಡೈರಿ ಆಗಿದ್ದರೆ? ಕಿಟಕಿ ಪಕ್ಕ ಇಟ್ಟು ರಕ್ಷಾಪುಟ ಬಿಸಿಲಿಗೆ ಬಣ್ಣಗೆಟ್ಟ ಪ್ರತಿಗಳಾಗಿದ್ದರೆ? ರದ್ದಿ ಅಂಗಡಿಯವನು ಕೊಡುವ ಬೆಲೆಯೇ ಅವುಗಳ ಬೆಲೆ. ಸರಕು ದೂರದ ಊರಿನಲ್ಲಿ, ಬೇರೆಯವರ ಕೈಯಲ್ಲಿ ಇರುವಾಗ ಅದರ ಸ್ಥಿತಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಷ್ಟಿದೆ ಎಂದು ಕೇಳುವ ಪತ್ರದಲ್ಲೇ ಹೇಗಿದೆ ಎಂದೂ ಕೇಳಬೇಕು.

ಗಡುವಿನ ಮಾತಿಗೆ ಮರಳೋಣ. ನಮ್ಮ ಪ್ರಕಾಶಕರು ಜನವರಿ 5ರಂದು ಅದೇ ಅಂಗಡಿಗೆ ಒಂದು ಕಥಾಸಂಕಲನದ 70 ಪ್ರತಿ ಕಳಿಸಿದ್ದರು, ಅದೇ ಅರವತ್ತು ದಿನದ ಮಾತಿನ ಮೇಲೆ. ಗಡುವು ಮಾರ್ಚ್ 6ಕ್ಕೆ ಮುಗಿಯಿತು. ಅಂಗಡಿಯವರು ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಪುಸ್ತಕ ಅಲ್ಲೇ ಇದೆ. ಕಾನೂನಿನ ಪ್ರಕಾರ ಮೌನವೇ ಒಪ್ಪಿಗೆ, 70 ಪ್ರತಿಯೂ ಮಾರಾಟವಾಯಿತು, ಮಾರ್ಚ್ 31ರಂದು ಇವನ್ನು ದಾಸ್ತಾನಿಗೆ ಸೇರಿಸುವಂತಿಲ್ಲ. ಆದಾಯ ಯಾವಾಗ ಬಂತೆಂದು ಹೇಳುವ ಲೆಕ್ಕ ಮಾನದಂಡ 9 ಕೂಡ ಇದನ್ನೇ ಹೇಳುತ್ತದೆ. ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇರುವ ಎರಡು ಪುಸ್ತಕಗಳಲ್ಲಿ ಒಂದು ಪ್ರಕಾಶಕರದು, ಇನ್ನೊಂದು ಅಂಗಡಿಯವರದು.

ಆದರೆ ಇಲ್ಲಿ ನನ್ನದೊಂದು ಮಾತಿದೆ. ಜೂನ್ ತಿಂಗಳಲ್ಲಿ ಆ 70ರಲ್ಲಿ 50 ಹಿಂದೆ ಬಂದರೆ ಪ್ರಕಾಶಕರು ಬೇಡ ಎನ್ನುತ್ತಾರೆಯೇ? ಮುಂದಿನ ಪುಸ್ತಕವನ್ನೂ ಅದೇ ಅಂಗಡಿಗೆ ಕೊಡಬೇಕಲ್ಲ, ತೆಗೆದುಕೊಳ್ಳುತ್ತಾರೆ. ವರ್ಷದಲ್ಲಿ ಒಂದು ಸಲ ಹಾಗಾದರೆ ಅದು ಸೌಜನ್ಯ, ಮುಂದಿನ ವರ್ಷದ ವಾಪಸಾತಿ ಎಂದು ಬರೆದರೆ ಮುಗಿಯಿತು. ಪ್ರತಿ ಸಲವೂ ಹಾಗೇ ನಡೆಯುತ್ತಿದ್ದರೆ ಆ ಅರವತ್ತು ದಿನ ಬರೀ ಕಾಗದದ ಮೇಲಿನ ಮಾತು. ಅಂಥ ಗಡುವನ್ನು ಹಿಡಿದುಕೊಂಡು ಮಾರಾಟ ತೋರಿಸುವುದು ತಮ್ಮನ್ನು ತಾವೇ ಮೋಸಗೊಳಿಸಿಕೊಳ್ಳುವ ಲೆಕ್ಕ. ಗಡುವನ್ನು ನಿಜವಾಗಿ ಪಾಲಿಸಿ, ಇಲ್ಲವೇ ವಾಪಸ್ ಬರಬಹುದಾದದ್ದನ್ನು ಮುಂಚೆಯೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಅಂಗಡಿಯವರ ಕಡೆಯ ಲೆಕ್ಕ ಇದರ ಕನ್ನಡಿ. ಮಾರ್ಚ್ 31ರಂದು ತಮ್ಮ ಕಪಾಟುಗಳನ್ನು ಎಣಿಸುವಾಗ ಆ 125 ಕಾದಂಬರಿಗಳನ್ನು ಅವರು ತಮ್ಮ ದಾಸ್ತಾನಿಗೆ ಸೇರಿಸಬಾರದು, ಅವುಗಳ ಬೆಲೆಯನ್ನು ಕೊಡಬೇಕಾದ ಸಾಲವೆಂದೂ ತೋರಿಸಬಾರದು. ಅವರ ಕೈಯಲ್ಲಿರುವುದು ಇನ್ನೊಬ್ಬರ ವಸ್ತು. ಹಾಗೆಂದು ಅವರು ಪ್ರಕಾಶಕರ ಏಜೆಂಟರೂ ಅಲ್ಲ. ಕಮಿಷನ್ ಏಜೆಂಟನು ಮಾಲೀಕನ ಪರವಾಗಿ ಮಾರಿ ಕಮಿಷನ್ ಪಡೆಯುತ್ತಾನೆ, ಸರಕು ಅವನದಾಗುವುದೇ ಇಲ್ಲ. ನಮ್ಮ ಅಂಗಡಿಯವರು ಒಪ್ಪಿದ ಗಳಿಗೆಯಲ್ಲಿ ತಾವೇ ಕೊಳ್ಳುವವರಾಗುತ್ತಾರೆ.

ತಿಂಗಳಿಗೆ ನಾಲ್ಕಾರು ಅಂಗಡಿಗಳಿಗೆ ಹೀಗೆ ಕಳಿಸುವವರು ಬಂಡಲ್ ಹೊರಟ ದಿನವೇ ಮಾರಾಟ ಬರೆಯುವ ಪದ್ಧತಿಯನ್ನೇ ಬಿಡುವುದು ಒಳಿತು. ಚಲನ್ ಮಾತ್ರ ಮಾಡಿ, ಬೇರೆ ಒಂದು ನೋಂದಣಿ ಪುಸ್ತಕ ಇಡಬೇಕು. ಕಳಿಸಿದ ದಿನ, ಶೀರ್ಷಿಕೆ, ಕಳಿಸಿದ್ದು, ಒಪ್ಪಿದ್ದು, ವಾಪಸ್ ಬಂದದ್ದು, ಬಾಕಿ, ಗಡುವು. ಒಪ್ಪಿಗೆ ಬಂದಷ್ಟಕ್ಕೆ ಮಾತ್ರ ಬಿಲ್. ಆಗ ವರ್ಷಾಂತ್ಯದಲ್ಲಿ ಅಳಿಸುವ ಕೆಲಸವೇ ಇರುವುದಿಲ್ಲ, ಬಾಕಿ ಕಾಲಮಿನ ಪ್ರತಿಗಳನ್ನು ಅಸಲು ದರದಲ್ಲಿ ದಾಸ್ತಾನಿಗೆ ಸೇರಿಸಿದರೆ ಸಾಕು. ಟ್ಯಾಲಿಯಂಥ ತಂತ್ರಾಂಶ ಬಳಸುವವರು ಅಂಗಡಿಯ ಹೆಸರಿನಲ್ಲೇ ಒಂದು ಗೋದಾಮು ತೆರೆದು ಸರಕನ್ನು ಅಲ್ಲಿಗೆ ವರ್ಗಾಯಿಸಿಡಬಹುದು.

ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲದ್ದರಿಂದ ಪ್ರಕಾಶಕರು ಒಂದು ತಲೆನೋವಿನಿಂದ ಪಾರು. ಇಳಕಲ್ಲಿನಿಂದ ಬೆಂಗಳೂರಿನ ಅಂಗಡಿಗೆ ಇದೇ ಷರತ್ತಿನ ಮೇಲೆ ಸೀರೆ ಕಳಿಸುವವರಿಗೆ ಆ ಅನುಕೂಲವಿಲ್ಲ. ಅವರು ಚಲನ್ ಮೇಲೆ ಸರಕು ಕಳಿಸಬಹುದು, ಆದರೆ 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 31(7)ನೇ ಕಲಮಿನಂತೆ, ಒಪ್ಪಿಗೆ ಸಿಕ್ಕಾಗ ಅಥವಾ ಕಳಿಸಿದ ದಿನದಿಂದ ಆರು ತಿಂಗಳೊಳಗೆ, ಯಾವುದು ಮೊದಲೋ ಆಗ ತೆರಿಗೆ ಬಿಲ್ ಹಾಕಲೇಬೇಕು. ಅಂಗಡಿಯವರು ಇನ್ನೂ ಯೋಚಿಸುತ್ತಿದ್ದಾರೆ ಎಂಬ ಕಾರಣ ಆರು ತಿಂಗಳ ಆಚೆಗೆ ನಡೆಯುವುದಿಲ್ಲ. ಸೀರೆಯವರ ನೋಂದಣಿ ಪುಸ್ತಕದಲ್ಲಿ ಗಡುವಿನ ಪಕ್ಕದಲ್ಲೇ ಈ ತಾರೀಖಿಗೂ ಒಂದು ಕಾಲಮು ಬೇಕು.

ನಮ್ಮ ಕಾದಂಬರಿಯ ಕಥೆ ಏಪ್ರಿಲ್ 11ಕ್ಕೆ ಮುಗಿಯಿತು. ಬಸ್ಸಿನ 25 ಪ್ರತಿ ಆಗಲೇ ಗೋದಾಮು ಸೇರಿದ್ದವು. ಅಂಗಡಿಯಲ್ಲಿದ್ದ 125ರಲ್ಲಿ 95ನ್ನು ಇಟ್ಟುಕೊಳ್ಳುತ್ತೇವೆಂದು ತಿಳಿಸಿದರು, 30 ವಾಪಸ್ ಬಂದವು. 95 ಪ್ರತಿಗೆ 11,400 ರೂಪಾಯಿ ಮಾರಾಟ, 3,800 ರೂಪಾಯಿ ಲಾಭ. ಅದು ಹೊಸ ವರ್ಷದ ಲೆಕ್ಕದ ಪುಸ್ತಕದಲ್ಲಿ, ಏಪ್ರಿಲ್ 11ರ ತಾರೀಖಿನಲ್ಲಿದೆ.